ಟೆಸ್ಟ್ ನಡುವೆ ನೆಟ್ ಹೋದರೆ ಮರುಪರೀಕ್ಷೆ ಕೇಳುವುದು ಹೇಗೆ? ಮಲೆನಾಡಿನ ಮನೆಯಿಂದ ಪರೀಕ್ಷೆ ಬರೆಯುವವರಿಗೆ

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಮನೆಯಲ್ಲೇ ಕೂತು ಕಂಪನಿಯ ಆನ್‌ಲೈನ್ ಟೆಸ್ಟ್ ಬರೆಯುವವರಿಗೆ ಇದು ಗೊತ್ತಿರುವ ಕಥೆ. ಗಾಳಿಗೆ ಅಕೇಶಿಯಾ ಕೊಂಬೆ ಲೈನ್ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ, ರೂಟರ್ ಆರುತ್ತದೆ. ಮೊಬೈಲ್ ಟವರ್ ಸ್ವಲ್ಪ ಹೊತ್ತು ಬ್ಯಾಟರಿ ಮೇಲೆ ನಡೆದು ಆಮೇಲೆ ಅದೂ ಸುಮ್ಮನಾಗುತ್ತದೆ. ಅಷ್ಟರಲ್ಲಿ ಟೆಸ್ಟ್ ತನ್ನಷ್ಟಕ್ಕೆ ಮುಗಿದಿರುತ್ತದೆ.

ಇದಾದ ಮೇಲೆ ಮತ್ತೊಂದು ಅವಕಾಶ ಕೇಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಕ್ಯಾಂಪಸ್ ನೇಮಕಾತಿಯ ಟೆಸ್ಟ್ ಬಗ್ಗೆ, ಯಾಕೆಂದರೆ ಅಲ್ಲೇ ಸಮಯ ಕಡಿಮೆ, ನಷ್ಟ ಜಾಸ್ತಿ. ಕಾಲೇಜಿನ ಇಂಟರ್ನಲ್ ಟೆಸ್ಟ್ ಬಗ್ಗೆ ಕೊನೆಯ ಕಡೆ ಸ್ವಲ್ಪ ಹೇಳಿದ್ದೇನೆ.

ಒಂದು ವಿಷಯ ಮೊದಲೇ ತಿಳಿದಿರಲಿ. "ನಮ್ಮೂರಲ್ಲಿ ನೆಟ್ ಸರಿ ಇಲ್ಲ ಸರ್, ದಯವಿಟ್ಟು ಇನ್ನೊಂದು ಚಾನ್ಸ್ ಕೊಡಿ" ಎಂಬ ಮೇಲ್ ಕಂಪನಿಯ ನೇಮಕಾತಿ ವಿಭಾಗದವರಿಗೆ ದಿನಾ ಬರುತ್ತದೆ. ಅದರಲ್ಲಿ ನಿಜ ಹೇಳುವವರು ಯಾರು, ಟೆಸ್ಟ್ ಕಷ್ಟ ಆಯಿತು ಅಂತ ನೆಪ ಹೇಳುವವರು ಯಾರು ಅಂತ ಅವರಿಗೆ ಗೊತ್ತಾಗುವುದು ಒಂದೇ ರೀತಿಯಲ್ಲಿ. ಟೆಸ್ಟ್ ನಡೆಸುವ ತಾಣ ನಿಮ್ಮ ಸಂಪರ್ಕ ಯಾವಾಗ ಕಡಿಯಿತು, ಯಾವಾಗ ಮತ್ತೆ ಬಂತು ಅಂತ ದಾಖಲೆ ಇಟ್ಟಿರುತ್ತದೆ. ನೀವು ಹೇಳುವ ನಿಮಿಷಗಳು ಆ ದಾಖಲೆಗೆ ಹೊಂದಬೇಕು. ಹೊಂದಿದರೆ ನಿಮ್ಮ ಮನವಿಯನ್ನು ನಂಬಲು ಅವರಿಗೆ ಕಾರಣ ಸಿಕ್ಕಿತು.

ನೆಟ್ ಹೋದ ಕ್ಷಣದಲ್ಲಿ

ಗಡಿಯಾರ ನೋಡಿ, ಸಮಯ ಕಾಗದದ ಮೇಲೆ ಬರೆಯಿರಿ. ಉಳಿದದ್ದೆಲ್ಲ ಆಮೇಲೆ.

ಟೆಸ್ಟ್ ಪುಟವನ್ನು ಮುಚ್ಚಬೇಡಿ, ರಿಫ್ರೆಶ್ ಮಾಡಬೇಡಿ. ಎಷ್ಟೋ ತಾಣಗಳಲ್ಲಿ ಕೊನೆಯ ಉತ್ತರ ಬ್ರೌಸರಿನಲ್ಲೇ ಕಾಯುತ್ತಿರುತ್ತದೆ, ನೆಟ್ ಬಂದ ಕೂಡಲೇ ಮೇಲೆ ಹೋಗುತ್ತದೆ. ರಿಫ್ರೆಶ್ ಮಾಡಿದರೆ ಅದು ಹೋಯಿತು. `Submit` ಅಥವಾ `Finish` ಗುಂಡಿಯನ್ನಂತೂ ಒತ್ತಲೇಬೇಡಿ. ಗಾಬರಿಯಲ್ಲಿ ತುಂಬಾ ಜನ ಮಾಡುವ ತಪ್ಪು ಇದೇ. ನೀವೇ ಒತ್ತಿದರೆ ದಾಖಲೆಯಲ್ಲಿ "ಅಭ್ಯರ್ಥಿಯೇ ಮುಗಿಸಿದರು" ಅಂತ ಇರುತ್ತದೆ, ಸಮಯ ಮೀರಿ ತಾನಾಗಿ ಮುಗಿದಿದ್ದರೆ ಅದು ಬೇರೆ ರೀತಿ ಕಾಣುತ್ತದೆ. ಮನವಿ ಓದುವವರು ಈ ವ್ಯತ್ಯಾಸವನ್ನು ಗಮನಿಸುತ್ತಾರೆ.

ಆಮೇಲೆ ರೂಟರ್ ಕಡೆ ನೋಡಿ. ಕರೆಂಟ್ ಹೋಗಿ ಅದು ಪೂರ್ತಿ ಆರಿದೆಯಾ, ಅಥವಾ ಕರೆಂಟ್ ಇದ್ದೂ ಫೈಬರ್ ಕಡಿದಿದೆಯಾ? ಫೈಬರ್ ಕಡಿದಿದ್ದರೆ ಮೋಡೆಮ್ ಮೇಲೆ `LOS` ಎಂಬ ದೀಪ ಕೆಂಪಾಗಿ ಮಿನುಗುತ್ತದೆ. ಈ ಎರಡನ್ನು ಬೇರೆ ಮಾಡಿ ತಿಳಿಯುವುದು ಯಾಕೆ ಮುಖ್ಯ ಅಂತ ಸಾಕ್ಷಿಯ ವಿಷಯಕ್ಕೆ ಬಂದಾಗ ಹೇಳುತ್ತೇನೆ. ಕೆಂಪು ದೀಪ ಕಂಡರೆ ಒಂದು ಫೋಟೋ ತೆಗೆಯಿರಿ. ರೂಟರನ್ನು ಆಫ್ ಮಾಡಿ ಆನ್ ಮಾಡಲು ಹೋಗಬೇಡಿ. ಅದರೊಳಗಿನ ದಾಖಲೆ ಹಲವು ಮಾದರಿಗಳಲ್ಲಿ ಅಳಿಸಿಹೋಗುತ್ತದೆ, ಕಡಿದ ಫೈಬರ್ ಅದರಿಂದ ಕೂಡಿಕೊಳ್ಳುವುದೂ ಇಲ್ಲ.

ಟೆಸ್ಟ್ ನಿಯಮ ಫೋನ್ ಬಳಸಲು ಬಿಡುತ್ತದೆ ಅಂದರೆ ಹಾಟ್‌ಸ್ಪಾಟ್ ಹಾಕಿ ಅದೇ ಲಿಂಕ್‌ನಿಂದ ಮುಂದುವರಿಯಿರಿ. ಸಮಯ ಮಾತ್ರ ನಿಮಗೋಸ್ಕರ ನಿಂತಿರುವುದಿಲ್ಲ. ಸಾಮಾನ್ಯವಾಗಿ ಗಡಿಯಾರ ಓಡುವುದು ಅವರ ಸರ್ವರಿನಲ್ಲಿ, ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ. ಕ್ಯಾಮೆರಾದಲ್ಲಿ ಮೇಲ್ವಿಚಾರಕರು ಇದ್ದರೆ ನೆಟ್ ಬಂದ ಕೂಡಲೇ ಚಾಟ್‌ನಲ್ಲಿ ಒಂದು ಸಾಲು ಹಾಕಿ: ಇಷ್ಟು ಗಂಟೆಗೆ ಕರೆಂಟ್ ಹೋಯಿತು, ಈಗ ಫೋನ್ ಹಾಟ್‌ಸ್ಪಾಟ್‌ನಲ್ಲಿ ಇದ್ದೇನೆ, ಫೋನನ್ನು ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ನೆಟ್ ಬದಲಾದಾಗ ನಿಮ್ಮ ಐಪಿ ವಿಳಾಸವೂ ಬದಲಾಗುತ್ತದೆ, ಅದು ಅನುಮಾನದ ಗುರುತಾಗಿ ಅವರ ವರದಿಯಲ್ಲಿ ಬರಬಹುದು. ಮೊದಲೇ ಹೇಳಿದ್ದರೆ ಆ ಗುರುತೇ ನಿಮ್ಮ ಪರವಾದ ಸಾಕ್ಷಿ.

ಪ್ರಶ್ನೆಗಳ ಫೋಟೋ ಮಾತ್ರ ತೆಗೆಯಬೇಡಿ. ಪರದೆ ಮೇಲೆ "ಸಂಪರ್ಕ ಇಲ್ಲ" ಎಂಬ ಸೂಚನೆ ಬಂದಿದ್ದರೆ ಅದಷ್ಟೇ ಕಾಣುವ ಹಾಗೆ, ಪ್ರಶ್ನೆ ಇರುವ ಭಾಗ ಬಿಟ್ಟು ತೆಗೆಯಿರಿ. ಪ್ರಶ್ನೆ ಕಾಣುವ ಚಿತ್ರ ಕಳಿಸಿದರೆ ಮರುಪರೀಕ್ಷೆ ಕೇಳಲು ಹೋಗಿ ನಿಯಮ ಮುರಿದವರ ಪಟ್ಟಿಗೆ ಸೇರುತ್ತೀರಿ.

ಮೊದಲ ಒಂದು ಗಂಟೆ: ದೂರು ದಾಖಲಿಸಿ

ಟೆಸ್ಟ್ ಮುಗಿದುಹೋಯಿತು ಅಂದುಕೊಳ್ಳಿ. ಈಗಲೇ ಕಂಪನಿಗೆ ಮೇಲ್ ಬರೆಯುವ ಆತುರ ಬೇಡ. ಮೊದಲು ಕರೆಂಟ್ ಹೋಗಿದ್ದರೆ 1912ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಫೈಬರ್ ಕಡಿದಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಅಥವಾ ಆ್ಯಪ್‌ಗೆ ದೂರು ಹಾಕಿ. ಊರಿನ ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ ಲೈನ್ ಬೇಗ ಸರಿಯಾಗಬಹುದು. ಆದರೆ ಅವನು "ಆಯ್ತಣ್ಣ ನೋಡ್ತೀನಿ" ಅಂದದ್ದು ದಾಖಲೆ ಆಗುವುದಿಲ್ಲ. ನಿಮಗೆ ಬೇಕಾಗಿರುವುದು ತಾರೀಕು, ಸಮಯ ಇರುವ ಎಸ್ಸೆಮ್ಮೆಸ್.

ಎಲ್ಲಾ ಸಾಕ್ಷಿಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಈ ಎಸ್ಸೆಮ್ಮೆಸ್‌ಗೆ. ಫೋಟೋವನ್ನು ಯಾರು ಯಾವಾಗ ಬೇಕಾದರೂ ತೆಗೆಯಬಹುದು. ದೂರಿನ ಸಂಖ್ಯೆ ಬರುವುದು ಮೂರನೆಯವರಿಂದ, ಅದರ ಸಮಯ ನಿಮ್ಮ ಕೈಯಲ್ಲಿಲ್ಲ. ಲೈನ್ ಸರಿಯಾದ ಮೇಲೆ ಬರುವ "ದೂರು ಬಗೆಹರಿದಿದೆ" ಎಂಬ ಸಂದೇಶವನ್ನೂ ಅಳಿಸಬೇಡಿ. ಎರಡನ್ನೂ ಸೇರಿಸಿದರೆ ನೆಟ್ ಎಷ್ಟು ಹೊತ್ತು ಇರಲಿಲ್ಲ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ಸಿಗ್ನಲ್ಲೇ ಇಲ್ಲ, ಕರೆ ಮಾಡುವುದು ಹೇಗೆ ಅಂತೀರಾ? ಸಿಗ್ನಲ್ ಸಿಗುವ ಗುಡ್ಡಕ್ಕೋ ಪೇಟೆಗೋ ಹೋದ ಕೂಡಲೇ ಮಾಡಿ. ತಡವಾದದ್ದು ಯಾಕೆ ಅಂತ ಮೇಲ್‌ನಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಲ್ಯಾಪ್‌ಟಾಪ್ ಒಳಗೆ ಇರುವ ಸಾಕ್ಷಿ

ಇದು ತುಂಬಾ ಜನರಿಗೆ ಗೊತ್ತಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪ್ ವೈಫೈ ಯಾವಾಗ ಸೇರಿತು, ಯಾವಾಗ ಕಡಿಯಿತು ಅಂತ ನಿಮಿಷ ಸೆಕೆಂಡ್ ಸಮೇತ ಬರೆದಿಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ `cmd` ಅಂತ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ `Run as administrator` ಆರಿಸಿ, ಇದನ್ನು ಟೈಪ್ ಮಾಡಿ:

```
netsh wlan show wlanreport
```

ಒಂದು ಎಚ್‌ಟಿಎಂಎಲ್ ಕಡತ ತಯಾರಾಗುತ್ತದೆ. ಅದು ಇರುವ ಜಾಗ:

```
C:\ProgramData\Microsoft\Windows\WlanReport\wlan-report-latest.html
```

ಬ್ರೌಸರಿನಲ್ಲಿ ತೆರೆದರೆ ಮೇಲೆ ಒಂದು ನಕ್ಷೆ, ಕೆಳಗೆ ಪ್ರತಿ ಸಂಪರ್ಕದ ವಿವರ ಕಾಣುತ್ತದೆ. ಈ ವರದಿ ಮಾಮೂಲಾಗಿ ಕಳೆದ 3 ದಿನಗಳದ್ದು ಮಾತ್ರ. ಹಾಗಾಗಿ ಕಂಪನಿಯವರು ಉತ್ತರ ಕೊಡಲಿ, ಆಮೇಲೆ ತೆಗೆದರಾಯಿತು ಅಂತ ಬಿಡಬೇಡಿ. ಅದೇ ದಿನ ತೆಗೆದು, ಕಡತವನ್ನು ಬೇರೆ ಕಡೆ ನಕಲು ಮಾಡಿಡಿ, ಯಾಕೆಂದರೆ ಇನ್ನೊಮ್ಮೆ ಅದೇ ಆಜ್ಞೆ ಕೊಟ್ಟರೆ ಇದೇ ಹೆಸರಿನಲ್ಲಿ ಹೊಸದು ಬರುತ್ತದೆ.

ಕರೆಂಟ್ ಹೋಯಿತಾ, ಫೈಬರ್ ಕಡಿಯಿತಾ ಅಂತ ಕೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕರೆಂಟ್ ಹೋಗಿ ರೂಟರ್ ಆರಿದರೆ ಲ್ಯಾಪ್‌ಟಾಪಿಗೆ ವೈಫೈಯೇ ಇಲ್ಲ. ಆಗ ವರದಿಯಲ್ಲಿ ಆ ನಿಮಿಷಕ್ಕೆ ಸಂಪರ್ಕ ಕಡಿದ ಗುರುತು ಸ್ಪಷ್ಟವಾಗಿ ಸಿಗುತ್ತದೆ. ಕರೆಂಟ್ ಇದ್ದು ಹೊರಗಡೆ ಎಲ್ಲೋ ಫೈಬರ್ ಕಡಿದಿದ್ದರೆ ಲ್ಯಾಪ್‌ಟಾಪಿಗೂ ರೂಟರಿಗೂ ನಡುವಿನ ವೈಫೈ ಸರಿಯಾಗೇ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ. ವರದಿಯಲ್ಲಿ ಏನೂ ಆಗಿಲ್ಲ ಎಂಬಂತೆ ಕಾಣಬಹುದು. ಫೋನ್ ಹಾಟ್‌ಸ್ಪಾಟ್‌ನಲ್ಲೂ ಹೀಗೆಯೇ. ಟವರ್ ಸತ್ತರೂ ಫೋನಿಗೂ ಲ್ಯಾಪ್‌ಟಾಪಿಗೂ ಸಂಪರ್ಕ ಇದ್ದೇ ಇರುತ್ತದೆ. ಅಂಥ ಸಂದರ್ಭದಲ್ಲಿ ಕೆಳಗಿನ ವಿವರಗಳಲ್ಲಿ `Capability change` ಎಂಬ ಸಾಲು ಇದೆಯಾ ಹುಡುಕಿ. ಅದು `Internet`ನಿಂದ `Local`ಗೆ ಬದಲಾಗಿದ್ದರೆ ನೆಟ್ ಹೋದದ್ದು ಆ ಹೊತ್ತಿಗೆ. ಸಿಗದಿದ್ದರೆ ಕೆಂಪು ದೀಪದ ಫೋಟೋ, ದೂರಿನ ಎಸ್ಸೆಮ್ಮೆಸ್ ಇವೇ ಗತಿ. ವೈಫೈ ಕಡಿದಿಲ್ಲ ಎಂದು ತೋರಿಸುವ ವರದಿಯನ್ನು ನೋಡದೆ ಕಳಿಸಿಬಿಟ್ಟರೆ ನಿಮ್ಮ ಮಾತಿಗೆ ನೀವೇ ವಿರೋಧ ಸಾಕ್ಷಿ ಕೊಟ್ಟ ಹಾಗೆ ಆಗುತ್ತದೆ, ಹುಷಾರು.

ಪೂರ್ತಿ ಕಡತ ಕಳಿಸುವ ಅಗತ್ಯವೂ ಇಲ್ಲ. ಅದರಲ್ಲಿ ನಿಮ್ಮ ಲ್ಯಾಪ್‌ಟಾಪಿನ ಹೆಸರು, ವಿಳಾಸದ ಸಂಖ್ಯೆಗಳು ಎಲ್ಲಾ ಇರುತ್ತವೆ. ಆ ಒಂದೆರಡು ಗಂಟೆಯ ಭಾಗದ ಸ್ಕ್ರೀನ್‌ಶಾಟ್ ಸಾಕು. ಜೊತೆಗೆ ಲ್ಯಾಪ್‌ಟಾಪಿನ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಅದು ನಾಲ್ಕು ನಿಮಿಷ ಮುಂದಿದ್ದರೆ ಹಾಗಂತ ಮೇಲ್‌ನಲ್ಲೇ ಹೇಳಿ.

ಕೇಳುವುದು ಯಾರನ್ನು?

ಟೆಸ್ಟ್ ತಾಣದ ಸಹಾಯವಾಣಿಗೆ ಬರೆದು "ಮರುಪರೀಕ್ಷೆ ಕೊಡಿ" ಅಂದರೆ ಸಾಮಾನ್ಯವಾಗಿ ಬರುವ ಉತ್ತರ: ನಿಮ್ಮನ್ನು ಆಹ್ವಾನಿಸಿದ ಸಂಸ್ಥೆಯನ್ನು ಕೇಳಿ. ಅದು ಜಾರಿಕೊಳ್ಳುವ ಮಾತಲ್ಲ. ಟೆಸ್ಟ್ ಕಂಪನಿಯದ್ದು, ತಾಣ ಬರೀ ಅದನ್ನು ನಡೆಸಿಕೊಡುತ್ತದೆ. ಮತ್ತೆ ಲಿಂಕ್ ಕಳಿಸುವ ತೀರ್ಮಾನ ಕಂಪನಿಯ ನೇಮಕಾತಿ ವಿಭಾಗದ್ದು. ಆದರೂ ತಾಣಕ್ಕೆ ಒಂದು ಸಣ್ಣ ದೂರು ಹಾಕಿ: ಇಂಥ ಹೊತ್ತಿನಲ್ಲಿ ಸಂಪರ್ಕ ಕಡಿದಿದೆ, ದಾಖಲೆ ನೋಡಿ ಖಚಿತಪಡಿಸಿ. ಅಲ್ಲಿಂದ ಸಿಗುವ ಟಿಕೆಟ್ ಸಂಖ್ಯೆಯನ್ನು ಕಂಪನಿಗೆ ಬರೆಯುವ ಮೇಲ್‌ನಲ್ಲಿ ಸೇರಿಸಿ.

ಕ್ಯಾಂಪಸ್ ಮೂಲಕ ಬಂದ ಟೆಸ್ಟ್ ಆದರೆ ದಾರಿ ಪ್ಲೇಸ್‌ಮೆಂಟ್ ಆಫೀಸರ್ ಮೂಲಕವೇ. ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ಮೇಲ್ ಕಳಿಸಿ. ಅವರನ್ನು ಬಿಟ್ಟು ನೇರ ಎಚ್‌ಆರ್‌ಗೆ ಬರೆದರೆ ಕಾಲೇಜಿನಲ್ಲಿ ಮುನಿಸು, ಕಂಪನಿಯಲ್ಲಿ ಗೊಂದಲ. ಅದೇ ದಿನ ನಿಮ್ಮ ಸೀಮೆಯ ಇನ್ನೂ ನಾಲ್ಕು ಜನರಿಗೆ ಹೀಗೇ ಆಗಿರಬಹುದು. ಆಫೀಸರ್ ಎಲ್ಲರದ್ದೂ ಸೇರಿಸಿ ಒಂದೇ ಮನವಿ ಕಳಿಸಿದರೆ ಅದಕ್ಕೆ ಬಲ ಜಾಸ್ತಿ. ಹೊರಗಿನಿಂದ ನೇರ ಅರ್ಜಿ ಹಾಕಿದ್ದರೆ ಆಹ್ವಾನದ ಮೇಲ್ ಸರಿಯಾಗಿ ಓದಿ. ಕಳಿಸಿದ ವಿಳಾಸ `no-reply` ಅಂತ ಇದ್ದರೂ ಒಳಗೆ ಎಲ್ಲೋ ಸಂಪರ್ಕದ ಹೆಸರು, ವಿಳಾಸ ಇರುತ್ತದೆ.

ಟೆಸ್ಟ್ ಕಿಟಕಿ ಇನ್ನೂ ತೆರೆದಿದೆಯಾ ಅಂತಲೂ ನೋಡಿ. ಬೆಳಗ್ಗೆ 10ರಿಂದ ಸಂಜೆ 6ರೊಳಗೆ ಯಾವಾಗ ಬೇಕಾದರೂ ಬರೆಯಿರಿ ಅಂತ ಕೊಟ್ಟಿದ್ದು, ನಿಮ್ಮದು ಮಧ್ಯಾಹ್ನಕ್ಕೇ ನಿಂತಿದ್ದರೆ ಸಂಜೆಯೊಳಗೆ ತಿಳಿಸಿದವರಿಗೆ ಅನುಕೂಲ. ಕಿಟಕಿ ಮುಚ್ಚಿ, ಎಲ್ಲರ ಅಂಕ ಡೌನ್‌ಲೋಡ್ ಮಾಡಿಕೊಂಡು, ಮುಂದಿನ ಸುತ್ತಿನ ಪಟ್ಟಿ ಹೋದ ಮೇಲೆ ಎಚ್‌ಆರ್‌ಗೆ ಮನಸ್ಸಿದ್ದರೂ ಕೈ ಕಟ್ಟಿದ ಹಾಗೆ.

ಒಂದು ಉದಾಹರಣೆ, ನಿಮಿಷ ಲೆಕ್ಕದಲ್ಲಿ

ರಿಪ್ಪನ್‌ಪೇಟೆ ಹತ್ತಿರದ ಒಂದು ಹಳ್ಳಿಯ ಹುಡುಗಿ, ಅಂತಿಮ ವರ್ಷದ ಇಂಜಿನಿಯರಿಂಗ್ ಅಂತ ಇಟ್ಟುಕೊಳ್ಳಿ. ಜುಲೈ ತಿಂಗಳು. ಟೆಸ್ಟ್ 90 ನಿಮಿಷದ್ದು, ಶುರು ಮಾಡಿದ್ದು 10:30ಕ್ಕೆ. 11:12ಕ್ಕೆ ಕರೆಂಟ್ ಹೋಗಿ ರೂಟರ್ ಆರಿತು. 11:31ಕ್ಕೆ ಫೋನ್ ಹಾಟ್‌ಸ್ಪಾಟ್ ಹಿಡಿದು ಒಳಗೆ ಹೋದಳು. ಪರದೆ ಮೇಲೆ ಉಳಿದ ಸಮಯ 29 ನಿಮಿಷ, ಅಂದರೆ ಗಡಿಯಾರ ನಿಂತಿರಲಿಲ್ಲ. 11:44ಕ್ಕೆ ಫೋನಿನ ಸಿಗ್ನಲ್ಲೂ ಹೋಯಿತು. 12:00ಕ್ಕೆ ಟೆಸ್ಟ್ ತಾನಾಗಿ ಮುಗಿಯಿತು.

ಲೆಕ್ಕ ಹಾಕಿ. ಮೊದಲ ಸಲ ಹೋದದ್ದು 19 ನಿಮಿಷ, ಎರಡನೇ ಸಲ 16 ನಿಮಿಷ, ಒಟ್ಟು 35. ಅವಳಿಗೆ ನಿಜವಾಗಿ ಸಿಕ್ಕಿದ್ದು 55 ನಿಮಿಷ. "ಅರ್ಧ ಟೆಸ್ಟ್ ಹೋಯಿತು" ಅಂತ ಬರೆಯುವುದಕ್ಕೂ "90ರಲ್ಲಿ 35 ನಿಮಿಷ ಹೋಯಿತು" ಅಂತ ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಎರಡನೆಯದನ್ನು ಅವರು ದಾಖಲೆ ತೆರೆದು ಹೋಲಿಸಬಹುದು.

ಸಾಕ್ಷಿಯಲ್ಲಿ 11:12ರದ್ದು ಸುಲಭ. ವೈಫೈ ವರದಿಯಲ್ಲಿದೆ, 1912ರ ದೂರಿನ ಸಂಖ್ಯೆಯೂ ಇದೆ. 11:44ರದ್ದು ಕಷ್ಟ, ಯಾಕೆಂದರೆ ಹಾಟ್‌ಸ್ಪಾಟ್ ಕಡಿದಿಲ್ಲ. ಅದಕ್ಕೆ ಅವಳ ಹತ್ತಿರ ಇರುವುದು ಪರದೆಯ "ಸಂಪರ್ಕ ಇಲ್ಲ" ಸೂಚನೆಯ ಫೋಟೋ ಒಂದೇ. ಅಷ್ಟೇ ಇದೆ ಅಂತ ನೇರವಾಗಿ ಹೇಳಿ, ಉಳಿದದ್ದಕ್ಕೆ ನಿಮ್ಮ ದಾಖಲೆ ನೋಡಿ ಅನ್ನುವುದೇ ಸರಿ. ಇಲ್ಲದ ಸಾಕ್ಷಿ ಹುಟ್ಟಿಸಲು ಹೋದರೆ ಇದ್ದ ಸಾಕ್ಷಿಯೂ ಕೆಡುತ್ತದೆ.

ಅವಳ ಮೇಲ್ ಹೀಗಿರಬೇಕು. ಕಂಪನಿಗೆ ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕ್ರಮ ಇರಲಿ:

> ವಿಷಯ: ಟೆಸ್ಟ್ ನಡುವೆ ವಿದ್ಯುತ್ ಮತ್ತು ಇಂಟರ್ನೆಟ್ ಕಡಿತ, ಮರು ಅವಕಾಶಕ್ಕೆ ಮನವಿ (ಹೆಸರು, ನೋಂದಣಿ ಸಂಖ್ಯೆ, ಟೆಸ್ಟ್ ದಿನಾಂಕ)
>
> ಮಾನ್ಯರೇ,
>
> ಇಂದು ಬೆಳಗ್ಗೆ 10:30ಕ್ಕೆ (ಭಾರತೀಯ ಸಮಯ) ನಿಮ್ಮ ಸಂಸ್ಥೆಯ 90 ನಿಮಿಷದ ಟೆಸ್ಟ್ ಆರಂಭಿಸಿದೆ. 11:12ರಿಂದ 11:31ರವರೆಗೆ ಊರಿನಲ್ಲಿ ವಿದ್ಯುತ್ ಕಡಿತದಿಂದ ಇಂಟರ್ನೆಟ್ ಇರಲಿಲ್ಲ. 11:31ಕ್ಕೆ ಫೋನ್ ಹಾಟ್‌ಸ್ಪಾಟ್ ಮೂಲಕ ಮುಂದುವರಿಸಿದೆ, ಹಾಗಾಗಿ ಐಪಿ ವಿಳಾಸ ಬದಲಾಗಿದೆ. 11:44ಕ್ಕೆ ಮೊಬೈಲ್ ಸಿಗ್ನಲ್ ಸಹ ಹೋಗಿ, 12:00ಕ್ಕೆ ಟೆಸ್ಟ್ ತಾನಾಗಿ ಮುಗಿಯಿತು. ಒಟ್ಟು 35 ನಿಮಿಷ ಸಂಪರ್ಕ ಇರಲಿಲ್ಲ.
>
> ವಿದ್ಯುತ್ ದೂರಿನ ಎಸ್ಸೆಮ್ಮೆಸ್, ವೈಫೈ ವರದಿಯ ಭಾಗ, ಸಂಪರ್ಕ ಇಲ್ಲ ಎಂಬ ಸೂಚನೆಯ ಫೋಟೋ ಲಗತ್ತಿಸಿದ್ದೇನೆ. ಟೆಸ್ಟ್ ತಾಣದ ಟಿಕೆಟ್ ಸಂಖ್ಯೆ ಇದು: ____. ಎರಡನೇ ಕಡಿತವನ್ನು ತಾಣದ ದಾಖಲೆಯಲ್ಲಿ ಪರಿಶೀಲಿಸಲು ಕೋರುತ್ತೇನೆ.
>
> ಇಂಟರ್ನೆಟ್ ವ್ಯವಸ್ಥೆ ಅಭ್ಯರ್ಥಿಯ ಜವಾಬ್ದಾರಿ ಎಂದು ಸೂಚನೆಯಲ್ಲಿ ಓದಿದ್ದೇನೆ. ಸಾಧ್ಯವಾದರೆ ಬೇರೆ ಪ್ರಶ್ನೆಪತ್ರಿಕೆಯೊಂದಿಗೆ ಹೊಸ ಅವಕಾಶ ಕೊಡಬೇಕೆಂದು ವಿನಂತಿ. ಮುಂದಿನ ಸಲ ಶಿವಮೊಗ್ಗದಲ್ಲಿ, ಕಾಲೇಜಿನ ಲ್ಯಾಬ್‌ನಿಂದ ಬರೆಯುತ್ತೇನೆ.

ಈ ಮೇಲ್‌ನಲ್ಲಿ ಮೂರು ಕಡೆ ಗಮನ ಕೊಡಿ. "ಭಾರತೀಯ ಸಮಯ" ಅಂತ ಹಾಕಿದ್ದು ಸುಮ್ನೆ ಅಲ್ಲ. ತಾಣದ ದಾಖಲೆ ಯುಟಿಸಿ ಸಮಯದಲ್ಲಿ ಇರಬಹುದು, ಆಗ ನಮ್ಮ 11:12 ಅಲ್ಲಿ 05:42 ಅಂತ ಕಾಣುತ್ತದೆ. ನಿಯಮವನ್ನು ಒಪ್ಪಿಕೊಂಡಿದ್ದೂ ಬೇಕೆಂದೇ. ಅಂಥ ಸೂಚನೆ ಹೆಚ್ಚಿನ ಆಹ್ವಾನಗಳಲ್ಲಿ ಇರುತ್ತದೆ, ಅದರ ಜೊತೆ ವಾದ ಮಾಡಿದರೆ ಗೆಲ್ಲುವುದಿಲ್ಲ. ನಿಮ್ಮ ಆಹ್ವಾನದಲ್ಲಿ ಇಲ್ಲದಿದ್ದರೆ ಆ ಸಾಲು ತೆಗೆಯಿರಿ. ಇನ್ನು "ಬೇರೆ ಪ್ರಶ್ನೆಪತ್ರಿಕೆ" ಎಂಬುದು. ಅವರ ದೊಡ್ಡ ಅಳುಕು ಏನು ಅಂದರೆ ನೀವು ಪ್ರಶ್ನೆ ನೋಡಿ, ನೆಟ್ ತೆಗೆದು, ಉತ್ತರ ಹುಡುಕಿಕೊಂಡು ಬಂದಿರಬಹುದು ಎಂಬುದು. ಬೇರೆ ಪ್ರಶ್ನೆ ಕೊಡಿ ಅಂತ ನೀವೇ ಕೇಳಿದರೆ ಆ ಅಳುಕಿಗೆ ಉತ್ತರ ಸಿಕ್ಕಿತು. ಉಳಿದ 35 ನಿಮಿಷ ಮಾತ್ರ ಕೊಡಿ ಅಂತ ಕೇಳುವುದು ನ್ಯಾಯ ಅನ್ನಿಸಬಹುದು. ಆದರೆ ಪ್ರಶ್ನೆಗಳನ್ನು ನೋಡಿ ಆಗಿರುವುದರಿಂದ ಅದನ್ನು ಒಪ್ಪುವುದು ಅವರಿಗೆ ಕಷ್ಟ.

ಮನೆ ಕಷ್ಟ, ಸಾಲ, ಅಪ್ಪನ ಆರೋಗ್ಯ ಇವನ್ನೆಲ್ಲ ಬರೆಯಬೇಡಿ. ಅವು ನಿಜವೇ ಇರಬಹುದು. ಆದರೆ ಓದುವವರು ತೀರ್ಮಾನಿಸಬೇಕಾಗಿರುವುದು ನೆಟ್ ಹೋಯಿತಾ ಇಲ್ಲವಾ ಎಂಬುದನ್ನು ಮಾತ್ರ.

ಕಳಿಸಿದ ಮೇಲೆ

ಒಂದು ಕೆಲಸದ ದಿನ ಕಾಯಿರಿ. ಉತ್ತರ ಬರದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ಬರೆಯಿರಿ. ಹೊಸ ಮೇಲ್ ಬೇಡ, ಹಳೆಯ ಲಗತ್ತುಗಳು ಅದರ ಜೊತೆಗೇ ಇರಲಿ. ಕಂಪನಿಯ ಐದಾರು ಜನರಿಗೆ ಬೇರೆ ಬೇರೆ ಕಡೆ ಸಂದೇಶ ಹಾಕುವುದರಿಂದ ಕೆಲಸ ಬೇಗ ಆಗುವುದಿಲ್ಲ, ಒಬ್ಬರು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಬಿಡುತ್ತಾರೆ.

ಒಪ್ಪಿದರೆ ಹೊಸ ಲಿಂಕ್ ಕಡಿಮೆ ಸಮಯದಲ್ಲಿ ಬರಬಹುದು, ಹಾಗಾಗಿ ಎಲ್ಲಿ ಕೂತು ಬರೆಯುವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಎರಡನೇ ಸಲವೂ ನೆಟ್ ಹೋದರೆ ಮೂರನೆಯದು ಸಿಗುವುದು ತುಂಬಾ ಕಷ್ಟ. ಕಾಲೇಜಿನ ಲ್ಯಾಬ್ ಅಥವಾ ಪೇಟೆಯಲ್ಲಿರುವ ನೆಂಟರ ಮನೆ ಒಳ್ಳೆಯದು. ಮನೆಯಲ್ಲೇ ಬರೆಯಬೇಕಾದರೆ ರೂಟರ್ ಮತ್ತು ಫೈಬರ್ ಮೋಡೆಮ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನ ಇಲ್ಲ. ಆ ದಿನ ನಿಮ್ಮ ಕಡೆ ವಿದ್ಯುತ್ ವ್ಯತ್ಯಯ ಅಂತ ಪೇಪರಿನಲ್ಲಿ ಬಂದಿದೆಯಾ ನೋಡಿ. ಮೊದಲೇ ಪ್ರಕಟವಾದ ಕಡಿತಕ್ಕೆ ಮರುಪರೀಕ್ಷೆ ಕೇಳಿದರೆ, ಗೊತ್ತಿದ್ದೂ ಯಾಕೆ ಕೂತಿರಿ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಕಾಲೇಜಿನ ಇಂಟರ್ನಲ್ ಟೆಸ್ಟ್ ಮೂಡಲ್‌ನಲ್ಲಿ ನಡೆದಿದ್ದರೆ ವಿಷಯ ಇಷ್ಟು ದೊಡ್ಡದಲ್ಲ. ಕ್ವಿಜ್ ಒಳಗೆ `Overrides` ಎಂಬಲ್ಲಿ ಮೇಷ್ಟ್ರು ಒಬ್ಬ ವಿದ್ಯಾರ್ಥಿಗೆ ಮಾತ್ರ `Attempts allowed` ಹೆಚ್ಚಿಸಬಹುದು, `Close the quiz` ಸಮಯ ಮುಂದೆ ಹಾಕಬಹುದು. ಉಳಿದವರ ಟೆಸ್ಟ್‌ಗೆ ಏನೂ ಆಗುವುದಿಲ್ಲ. "ಎಲ್ಲರಿಗೂ ಮತ್ತೆ ತೆರೆಯಬೇಕಾಗುತ್ತದಲ್ಲಾ" ಅಂತ ಅವರು ಹಿಂಜರಿದರೆ ಇದನ್ನು ವಿನಯವಾಗಿ ನೆನಪಿಸಿ. ಕೆಲವರಿಗೆ ಈ ಸೌಲಭ್ಯ ಇದೆ ಅಂತಲೇ ಗೊತ್ತಿರುವುದಿಲ್ಲ.

ಕಂಪನಿ ಆಗುವುದಿಲ್ಲ ಅಂದುಬಿಟ್ಟರೆ? ಆಗಲೂ ಕೇಳಬೇಕಾದ ಒಂದು ವಿಷಯ ಇದೆ. ಒಮ್ಮೆ ಟೆಸ್ಟ್ ಬರೆದು ಆಯ್ಕೆ ಆಗದವರು ಇಂತಿಷ್ಟು ತಿಂಗಳು ಮತ್ತೆ ಅರ್ಜಿ ಹಾಕುವಂತಿಲ್ಲ ಎಂಬ ನಿಯಮ ಎಷ್ಟೋ ಕಂಪನಿಗಳಲ್ಲಿ ಇದೆ. ಹಾಗಾಗಿ ಅವರ ಉತ್ತರಕ್ಕೆ ಧನ್ಯವಾದ ಹೇಳಿ, ಈ ಟೆಸ್ಟನ್ನು ನನ್ನ ಒಂದು ಪ್ರಯತ್ನ ಅಂತ ಲೆಕ್ಕಕ್ಕೆ ಹಿಡಿಯದೆ ಮುಂದಿನ ನೇಮಕಾತಿಗೆ ಅರ್ಜಿ ಹಾಕಲು ಬಿಡಿ ಅಂತ ಕೇಳಿ. ಹೊಸ ಟೆಸ್ಟ್ ಕೊಡುವುದಕ್ಕಿಂತ ಇದು ಅವರಿಗೆ ಸುಲಭ. ಹೂಂ ಅಂದರೆ ಆ ಉತ್ತರವನ್ನು ಲಿಖಿತವಾಗಿ ಪಡೆದು, ಮುಂದಿನ ಸಲ ಅರ್ಜಿ ಹಾಕುವಾಗ ಜೊತೆಗೆ ಲಗತ್ತಿಸಿ.